ಸಾಹೇಬರ ಕೊಠಡಿಯ ಹೊರಗಿನ ಮೇಜು

ನಮ್ಮ ಪರಿಸರ ಚಳವಳಿಗಳ ಸಭೆಗಳಲ್ಲಿ ಜಿಲ್ಲಾಧಿಕಾರಿಗಳ ಕುರಿತು ನಡೆಯುವಷ್ಟು ಚರ್ಚೆ ಅವರ ಕೊಠಡಿಯ ಹೊರಗೆ ಕುಳಿತಿರುವ ಆಪ್ತ ಸಹಾಯಕರ ಕುರಿತು ನಡೆಯುವುದಿಲ್ಲ. ನಡೆದರೂ ಅದು ಹಾಸ್ಯದ ಧಾಟಿಯಲ್ಲಿರುತ್ತದೆ. "ದೇವರು ಕೊಟ್ಟರೂ ಪೂಜಾರಿ ಕೊಡ" ಎಂಬ ಗಾದೆಯನ್ನು ಯಾರಾದರೂ ಉದ್ಧರಿಸುತ್ತಾರೆ. ಎಲ್ಲರೂ ನಕ್ಕು ಮುಂದಿನ ವಿಷಯಕ್ಕೆ ಹೋಗುತ್ತಾರೆ. ಈ ಉಪೇಕ್ಷೆಯಿಂದ ನಾವು ಸಾಕಷ್ಟು ಕಳೆದುಕೊಂಡಿದ್ದೇವೆ ಎಂಬುದು ನನ್ನ ಅಭಿಪ್ರಾಯ. ನಾನು ಕಂಡಷ್ಟರ ಮಟ್ಟಿಗೆ, ಹಳ್ಳಿಗರ ಆಕ್ಷೇಪಣೆಗಳಲ್ಲಿ ಅಧಿಕಾರಿಗಳು ಓದಿ ತಿರಸ್ಕರಿಸಿದವು ಕಡಿಮೆ. ಸರಿಯಾದ ಶಾಖೆಗೆ, ಸರಿಯಾದ ಹೊತ್ತಿನಲ್ಲಿ, ಓದಲು ಸಾಧ್ಯವಾಗುವ ರೂಪದಲ್ಲಿ ತಲುಪದೇ ಹೋದವು ಹೆಚ್ಚು.

ಮಲೆನಾಡಿನ ಪತ್ರಿಕೆಯಲ್ಲಿ ನಾನು ಬರೆಯಹೊರಟಿರುವುದು ಕಲಬುರಗಿಯ ಮಾತನ್ನು. ಬಾಳೆಯ ಕೆಲಸದ ನಿಮಿತ್ತ ಕಮಲಾಪುರಕ್ಕೆ ಹೋಗಿಬಂದವನಾದ್ದರಿಂದ ಆ ಭಾಗದ ಕಚೇರಿಗಳ ನಡವಳಿಕೆಯನ್ನು ತಕ್ಕಮಟ್ಟಿಗೆ ನೋಡಿದ್ದೇನೆ. ಕಾರವಾರ, ಚಿಕ್ಕಮಗಳೂರು, ಮಡಿಕೇರಿಗಳಲ್ಲಿಯೂ ಆ ಮೇಜು ಅದೇ ಜಾಗದಲ್ಲಿದೆ, ಅದರ ಕೆಲಸವೂ ಅದೇ. ಅಷ್ಟೇ ಅಲ್ಲದೆ, ಬಯಲುಸೀಮೆಯೆಂದು ನಾವು ಒಂದೇ ಮಾತಿನಲ್ಲಿ ತಳ್ಳಿಹಾಕುವ ಆ ಜಿಲ್ಲೆಯಲ್ಲಿಯೂ ಗುಡ್ಡಗಳಿವೆ, ಕಣಿವೆಗಳಿವೆ, ಗುಡ್ಡದ ನೀರನ್ನು ನಂಬಿ ಬದುಕುವ ಬೆಳೆಗಳಿವೆ.

ಕಲಬುರಗಿ ನಗರದಿಂದ ಹುಮನಾಬಾದಿನ ದಾರಿಯಲ್ಲಿ ಸುಮಾರು ಮೂವತ್ತೈದು ಕಿಲೋಮೀಟರು ಹೋದರೆ ಕಮಲಾಪುರ ಸಿಗುತ್ತದೆ. 2018ರಿಂದ ಅದು ತಾಲ್ಲೂಕು ಕೇಂದ್ರ. ಸುತ್ತಲಿನ ಕಪ್ಪು ಎರೆಯ ತೊಗರಿ ಹೊಲಗಳನ್ನು ದಾಟಿ ಬಂದವನಿಗೆ ಅಲ್ಲಿಯ ಕೆಂಪು ಮಣ್ಣು ಬೇರೆ ಸೀಮೆಗೆ ಬಂದ ಭಾವನೆಯನ್ನು ಉಂಟುಮಾಡುತ್ತದೆ. ಭೌಗೋಳಿಕ ಸೂಚಿಕೆ, ಅಂದರೆ ಜಿ.ಐ. ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ ಈ ಕಣಿವೆಯದು. ಸಾಮಾನ್ಯ ಬಾಳೆ ಸುಮಾರು ಹನ್ನೆರಡು ತಿಂಗಳಲ್ಲಿ ಗೊನೆ ಕೊಟ್ಟರೆ ಈ ಬಾಳೆ ಹದಿನೆಂಟು ತಿಂಗಳವರೆಗೂ ನೆಲದಲ್ಲಿ ನಿಲ್ಲುತ್ತದೆ. ನೆಟ್ಟ ಕಾಲವನ್ನು ಅನುಸರಿಸಿ ಒಂದು ಇಲ್ಲವೇ ಎರಡು ಬೇಸಿಗೆಗಳನ್ನು ಅದು ದಾಟಬೇಕು. ಹಾಗಾಗಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಾವಿಯಲ್ಲಿ ಉಳಿಯುವ ನೀರೇ ಆ ಬೆಳೆಯ ಭವಿಷ್ಯವನ್ನು ನಿರ್ಧರಿಸುತ್ತದೆ. ಕಪ್ಪು ಬಂಡೆಯ ಮೇಲೆ ಜಂಬಿಟ್ಟಿಗೆಯ ಹೊದಿಕೆಯಿರುವ ಗುಡ್ಡಗಳು ಮಳೆಗಾಲದಲ್ಲಿ ನೀರು ಕುಡಿದು ಬೇಸಿಗೆಯಲ್ಲಿ ಅದನ್ನು ಸಾವಕಾಶವಾಗಿ ಬಿಟ್ಟುಕೊಡುತ್ತವೆ. ನಮ್ಮ ಕರಾವಳಿಯ ಅಂಚಿನ ಚಿರೆಕಲ್ಲಿನ ಗುಡ್ಡಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಇದು ಇಂಥದೇ ಊರಿನಲ್ಲಿ ನಡೆದ ಘಟನೆಯೆಂದು ಯಾರೂ ಭಾವಿಸಬಾರದು. ವಿವರಣೆಗಾಗಿ ನಾನೇ ಕಟ್ಟಿದ್ದು. ಕಮಲಾಪುರ ತಾಲ್ಲೂಕಿನ ಒಂದು ಗುಡ್ಡದ ಮೇಲೆ ಕಲ್ಲುಗಣಿಯ ಗುತ್ತಿಗೆ ಕೇಳಿ ಅರ್ಜಿ ಬಂದಿದೆ. ಗುಡ್ಡದ ಕೆಳಗೆ ಆರು ಬಾವಿಗಳಿವೆ, ಅವುಗಳ ನೀರಿನಲ್ಲಿ ಕೆಂಪು ಬಾಳೆಯ ತೋಟಗಳಿವೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಯು ಕಂದಾಯ ಮತ್ತು ಅರಣ್ಯ ಇಲಾಖೆಗಳ ಅಭಿಪ್ರಾಯ ಕೇಳಿದೆ. ಬೆಳೆಗಾರರು ಜಿಲ್ಲಾಧಿಕಾರಿಗಳನ್ನು ಕಾಣಲು ನಿಶ್ಚಯಿಸುತ್ತಾರೆ.

ಸಾಮಾನ್ಯವಾಗಿ ಮುಂದೆ ನಡೆಯುವುದು ಹೀಗೆ. ನಲವತ್ತು ಜನ ಎರಡು ಟೆಂಪೋಗಳಲ್ಲಿ ಕಲಬುರಗಿಗೆ ಬರುತ್ತಾರೆ. ಮೇ ತಿಂಗಳಾದ್ದರಿಂದ ಊಟ ಮುಗಿಸಿ, ಬಿಸಿಲು ಸ್ವಲ್ಪ ತಗ್ಗಲೆಂದು ಕಾದು, ಮೂರು ಗಂಟೆಗೆ ಕಚೇರಿ ತಲುಪುತ್ತಾರೆ. ಅಲ್ಲಿ ಯಾರೂ ಇಲ್ಲ. ಕಲಬುರಗಿ ವಿಭಾಗದಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬಿಸಿಲಿನ ಕಾರಣ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8 ಗಂಟೆಯಿಂದ ಮಧ್ಯಾಹ್ನ 1.30ರವರೆಗೆ ಬದಲಾಯಿಸುವ ಆದೇಶ ಹೆಚ್ಚುಕಡಿಮೆ ಪ್ರತಿವರ್ಷ ಹೊರಡುತ್ತದೆ. ಮರುದಿನ ಹತ್ತೇ ಜನ ಬರುತ್ತಾರೆ. ಬಾಗಿಲಲ್ಲಿರುವ ದಫೇದಾರರನ್ನು ದಾಟಿ ಆಪ್ತ ಸಹಾಯಕರ ಮೇಜಿನ ಬಳಿ ನಿಲ್ಲುತ್ತಾರೆ.

"ಸಾಹೇಬ್ರು ಮೀಟಿಂಗಿನ್ಯಾಗ ಅದಾರ‍್ರಿ. ಏನ್ ಕೆಲಸ ಇತ್ತು?"

"ಅದನ್ನ ಸಾಹೇಬ್ರ ಮುಂದನ ಹೇಳ್ತೀವ್ರಿ."

ಇಡೀ ಪ್ರಯತ್ನ ಕೆಡುವುದು ಈ ಉತ್ತರದಿಂದಲೇ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಹೇಳಿದವರ ಮನಸ್ಸಿನಲ್ಲಿ ಅಹಂಕಾರವಿರುವುದಿಲ್ಲ. ಚಿಕ್ಕವರ ಮುಂದೆ ಹೇಳಿ ದೊಡ್ಡವರ ಮುಂದೆ ಮತ್ತೆ ಹೇಳುವುದೇಕೆ ಎಂಬ ಸರಳ ಲೆಕ್ಕ ಅವರದು. ಆದರೆ ಕೇಳಿದವರ ಸ್ಥಿತಿಯನ್ನು ನೋಡಿ. ಒಳಗಿನಿಂದ ಕರೆಗಂಟೆ ಬಾರಿಸಿ "ಹೊರಗೆ ಯಾರಿದ್ದಾರೆ?" ಎಂದು ಕೇಳಿದಾಗ ಅವರು ಒಂದೇ ವಾಕ್ಯದಲ್ಲಿ ಉತ್ತರಿಸಬೇಕು. "ಕಮಲಾಪುರದಿಂದ ಹತ್ತು ಜನ ಬಂದಿದ್ದಾರೆ, ವಿಷಯ ಹೇಳುತ್ತಿಲ್ಲ" ಎಂಬುದಷ್ಟೇ ಅವರ ಕೈಯಲ್ಲಿದ್ದರೆ, "ಕಾಯಲಿ" ಎಂಬ ಉತ್ತರವೇ ಬರುತ್ತದೆ. ಆ ಮೇಜಿನ ಮುಂದೆ ಅದೇ ಹೊತ್ತಿನಲ್ಲಿ ವೃದ್ಧಾಪ್ಯ ವೇತನ ನಿಂತುಹೋದವರು, ಜಮೀನಿನ ತಕರಾರಿನವರು, ಬೆಂಗಳೂರಿನಿಂದ ಬಂದ ದೂರವಾಣಿ ಕರೆಗಳು, ಮಧ್ಯಾಹ್ನದ ವಿಡಿಯೋ ಸಭೆಯ ಕಡತಗಳು ಎಲ್ಲವೂ ಸಾಲುಗಟ್ಟಿರುತ್ತವೆ. ನಿಮ್ಮ ವಿಷಯ ತಿಳಿದಿದ್ದರೆ ಅವರು ಅದನ್ನು ಈ ಸಾಲಿನಲ್ಲಿ ಎಲ್ಲಿ ಸೇರಿಸಬಹುದೆಂದು ಯೋಚಿಸಬಲ್ಲರು.

ಕಲಬುರಗಿಯು 1948ರವರೆಗೆ ಹೈದರಾಬಾದ್ ನಿಜಾಮರ ಆಡಳಿತದಲ್ಲಿತ್ತಷ್ಟೆ. ಕಂದಾಯ ನಿರೀಕ್ಷಕರನ್ನು ಆ ಕಡೆ ಇಂದಿಗೂ ಗಿರ್ದಾವರ ಎನ್ನುತ್ತಾರೆ. ಅದೇ ಕಾಲದ ಇನ್ನೊಂದು ಪದ ಪೇಶ್ಕಾರ. ಪೇಶ್ ಎಂದರೆ ಮುಂದೆ. ಅಧಿಕಾರಿಯ ಮುಂದೆ ಕಾಗದವನ್ನು ಮಂಡಿಸುವವನು ಪೇಶ್ಕಾರ. ಇಂದಿನ "ಆಪ್ತ ಸಹಾಯಕ" ಎಂಬ ಪದಕ್ಕಿಂತ ಆ ಹಳೆಯ ಪದ ಕೆಲಸವನ್ನು ಹೆಚ್ಚು ಸ್ಪಷ್ಟವಾಗಿ ಹೇಳುತ್ತದೆ. ಆ ಮೇಜಿನಲ್ಲಿ ಕುಳಿತವರು ಮುಂದಿಡಬೇಕಾದವರು. ಮುಂದಿಡಲು ಯೋಗ್ಯವಾದದ್ದನ್ನು ಅವರ ಕೈಗೆ ಕೊಡುವುದು ನಮ್ಮ ಪಾಲಿನ ಕೆಲಸ.

ಹಾಗೆ ಕೊಡಬೇಕಾದರೆ ಕಮಲಾಪುರದಿಂದ ಹೊರಡುವ ಮೊದಲೇ ಒಂದು ಪ್ರಶ್ನೆಯನ್ನು ಬಗೆಹರಿಸಿಕೊಂಡಿರಬೇಕು: ಈ ಹೊತ್ತಿನಲ್ಲಿ ಈ ಕಡತ ಯಾರ ಬಳಿಯಿದೆ, ಅವರು ಏನನ್ನು ನಿರ್ಧರಿಸಬಲ್ಲರು? ನಮ್ಮ ಉದಾಹರಣೆಯ ಗುಡ್ಡದ ಸರ್ವೆ ನಂಬರಿನ ಪಹಣಿಯನ್ನು ಮೊದಲು ತೆಗೆಸಬೇಕು. ಅದರಲ್ಲಿ ಅರಣ್ಯವೆಂದು ದಾಖಲಾಗಿದ್ದರೆ ದಾರಿಯೇ ಬೇರೆ. ಉಪ ಅರಣ್ಯ ಸಂರಕ್ಷಣಾಧಿಕಾರಿಗಳ ಕಚೇರಿಗೆ ಹೋಗಬೇಕು, ಅರಣ್ಯೇತರ ಬಳಕೆಗೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು. ಸರ್ಕಾರಿ ಕಂದಾಯ ಭೂಮಿಯಾಗಿದ್ದರೆ ಅಭಿಪ್ರಾಯವು ಸಾಮಾನ್ಯವಾಗಿ ತಹಶೀಲ್ದಾರರ ವರದಿಯಿಂದ ಆರಂಭವಾಗುತ್ತದೆ. ಆ ವರದಿ ಇನ್ನೂ ಕಮಲಾಪುರದಿಂದ ಹೊರಟೇ ಇಲ್ಲದಿದ್ದರೆ, ನೀವು ಕಲಬುರಗಿಗೆ ಒಯ್ದ ಮನವಿಯ ಅಂಚಿನಲ್ಲಿ ಜಿಲ್ಲಾಧಿಕಾರಿಗಳು "ತಹಶೀಲ್ದಾರರು ಪರಿಶೀಲಿಸಿ ವರದಿ ಸಲ್ಲಿಸುವುದು" ಎಂದು ಬರೆಯುತ್ತಾರೆ. ಕಾಗದ ಟಪಾಲಿನಲ್ಲಿ ಕಮಲಾಪುರಕ್ಕೇ ಹಿಂತಿರುಗುತ್ತದೆ. ಮೂವತ್ತೈದು ಕಿಲೋಮೀಟರಿನ ಪ್ರಯಾಣ, ಎರಡು ದಿನದ ಕೂಲಿ, ಎರಡು ವಾರಗಳ ಕಾಲ ಎಲ್ಲವೂ ವ್ಯರ್ಥ. ಇದನ್ನು ತಾಲ್ಲೂಕು ಕಚೇರಿಯಲ್ಲಿ ಆ ವಿಷಯವನ್ನು ನಿರ್ವಹಿಸುವ ಗುಮಾಸ್ತರೊಬ್ಬರನ್ನು ಕೇಳಿದ್ದರೆ ಐದು ನಿಮಿಷದಲ್ಲಿ ತಿಳಿಯುತ್ತಿತ್ತು. "ವರದಿ ಹೋಗಿದೆಯೇ, ಹೋಗಿದ್ದರೆ ಯಾವ ತಾರೀಖಿನಂದು, ಕಡತದ ಸಂಖ್ಯೆ ಯಾವುದು" ಎಂಬ ಮೂರು ಪ್ರಶ್ನೆಗಳಲ್ಲಿ ಗುಟ್ಟಿನದು ಯಾವುದೂ ಇಲ್ಲ.

ಜಿಲ್ಲಾಧಿಕಾರಿಗಳ ಅಧಿಕಾರದ ಮಿತಿಯನ್ನೂ ತಿಳಿದಿರಬೇಕು. ಸಣ್ಣ ಗಣಿಗಳಿಗೆ ಪರಿಸರ ಅನುಮತಿ ಕೊಡುವ ಜಿಲ್ಲಾ ಮಟ್ಟದ ಪ್ರಾಧಿಕಾರವೊಂದು 2016ರಲ್ಲಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಾರಿಗೆ ಬಂದಿತ್ತು. 2018ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶದ ನಂತರ ಆ ಕೆಲಸ ರಾಜ್ಯ ಮಟ್ಟದ ಪ್ರಾಧಿಕಾರಕ್ಕೆ, ಅಂದರೆ ಬೆಂಗಳೂರಿಗೆ ಹೋಯಿತು. ಇಂದಿಗೂ "ಪರಿಸರ ಅನುಮತಿ ಕೊಡಬೇಡಿ" ಎಂದು ಜಿಲ್ಲಾಧಿಕಾರಿಗಳಿಗೆ ಬರೆಯುವ ಗೆಳೆಯರಿದ್ದಾರೆ. ಕೊಡಲಾಗದವರನ್ನು ಕೊಡಬೇಡಿ ಎಂದು ಬೇಡಿಕೊಂಡರೆ ಏನು ಪ್ರಯೋಜನ? ಬದಲಾಗಿ, ಕಂದಾಯ ಇಲಾಖೆಯ ಅಭಿಪ್ರಾಯ ನೀಡುವ ಮುನ್ನ ಬಾವಿಗಳ ಸ್ಥಳ ತನಿಖೆ ನಡೆಸಿರಿ ಎಂದು ಕೇಳಿದರೆ ಅದು ಅವರ ಕೈಯೊಳಗಿನ ಕೆಲಸ. ಅವರು ಅಂದೇ ಒಪ್ಪಬಹುದಾದ ಕೋರಿಕೆ.

ಇನ್ನು ಮನವಿಯ ವಿಷಯ. ಒಂದೇ ಪುಟವಿರಬೇಕು. ಮನವಿಯ ಮೊದಲ ಓದುಗರು ಟಪಾಲು ಶಾಖೆಯ ಸಿಬ್ಬಂದಿ. ಅವರು ಓದುವುದು "ವಿಷಯ" ಎಂಬ ಸಾಲನ್ನು ಮಾತ್ರ. ಅಲ್ಲಿ "ಬಡ ರೈತರಿಗೆ ನ್ಯಾಯ ಒದಗಿಸುವ ಬಗ್ಗೆ" ಎಂದಿದ್ದರೆ ಅದನ್ನು ಯಾವ ಶಾಖೆಗೆ ಕಳುಹಿಸಬೇಕು? ಕೃಷಿಗೋ, ಪರಿಹಾರಕ್ಕೋ, ಭೂದಾಖಲೆಗೋ? ನಮ್ಮ ಉದಾಹರಣೆಯ ಬೆಳೆಗಾರರು ಹೀಗೆ ಬರೆಯಬಹುದು: "ವಿಷಯ: ಕಮಲಾಪುರ ತಾಲ್ಲೂಕಿನ ಇಂಥ ಗ್ರಾಮದ ಇಂಥ ಸರ್ವೆ ನಂಬರಿನಲ್ಲಿ ಕಲ್ಲುಗಣಿ ಗುತ್ತಿಗೆಗೆ ಕಂದಾಯ ಇಲಾಖೆಯ ಅಭಿಪ್ರಾಯ ನೀಡುವ ಮುನ್ನ ಕೆಳಭಾಗದ ಆರು ಬಾವಿಗಳ ಸ್ಥಳ ತನಿಖೆ ನಡೆಸುವಂತೆ ಕೋರಿ." ಅದರ ಕೆಳಗೆ "ಉಲ್ಲೇಖ" ಎಂಬಲ್ಲಿ ತಹಶೀಲ್ದಾರರ ವರದಿಯ ಸಂಖ್ಯೆ ಮತ್ತು ದಿನಾಂಕ. ಈ ಎರಡು ಸಾಲುಗಳಿದ್ದರೆ ಕಾಗದ ತಾನಾಗಿಯೇ ತನ್ನ ಕಡತವನ್ನು ಹುಡುಕಿಕೊಂಡು ಹೋಗುತ್ತದೆ. ಉಳಿದ ಪುಟದಲ್ಲಿ ಏನು ಆಗಲಿದೆ, ಅದರಿಂದ ಯಾರಿಗೆ ಏನು ನಷ್ಟ, ನಾವು ಕೋರುವುದೇನು ಎಂಬುದನ್ನು ಮೂರು ಕಂಡಿಕೆಗಳಲ್ಲಿ ಹೇಳಿದರೆ ಸಾಕು. ಪಶ್ಚಿಮಘಟ್ಟದ ಮಹಿಮೆ, ಭೂಮಿತಾಯಿಯ ಕಣ್ಣೀರು ಇತ್ಯಾದಿಗಳನ್ನು ನಮ್ಮ ಪತ್ರಿಕೆಗೇ ಬಿಡೋಣ.

ಅಡಕವೊಂದಿದ್ದರೆ ಮನವಿಗೆ ಬಲ ಬರುತ್ತದೆ. ಕೃಷಿ ವಿಜ್ಞಾನದವನಾಗಿ ನಾನು ಸೂಚಿಸುವುದು ಬಾವಿಯ ಅಳತೆಯನ್ನು. ಒಂದು ಟೇಪು, ತುದಿಗೊಂದು ಭಾರದ ಕಲ್ಲು. ಬಾವಿಯ ಕಟ್ಟೆಯ ಮೇಲೆ ಒಂದು ಗುರುತು ಮಾಡಿ, ಅಲ್ಲಿಂದ ನೀರಿನ ಮಟ್ಟದವರೆಗಿನ ಆಳವನ್ನು ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಪಂಪು ಚಾಲೂ ಮಾಡುವ ಮುನ್ನ ಅಳೆಯಬೇಕು. ಪಂಪು ನಡೆದ ಮೇಲೆ ಅಳೆದರೆ ನೀವು ಅಳೆಯುವುದು ಪಂಪಿನ ಕೆಲಸವನ್ನು, ಗುಡ್ಡದ ನೀರನ್ನಲ್ಲ. ಊರಿನ ವಿದ್ಯಾರ್ಥಿಗಳು ಇದನ್ನು ನೋಟುಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಬಹುದು. ಒಂದು ಬೇಸಿಗೆಯ ಇಂತಹ ಅಳತೆ ಮತ್ತು ಗುಡ್ಡ, ಬಾವಿ, ತೋಟಗಳನ್ನು ತೋರಿಸುವ ಕೈನಕ್ಷೆ ಒಂದು ಹಾಳೆಯಲ್ಲಿ ಹಿಡಿಸುತ್ತವೆ. ಗಣಿಗಾರಿಕೆಯಿಂದ ನೀರು ಬತ್ತುತ್ತದೆ ಎಂದು ಈ ಅಳತೆ ಸಾಧಿಸುವುದಿಲ್ಲ, ಹಾಗೆಂದು ಹೇಳಿಕೊಳ್ಳಲೂಬಾರದು. ಇಂದು ಎಷ್ಟು ನೀರಿದೆ, ಅದನ್ನು ಯಾರು ನಂಬಿದ್ದಾರೆ ಎಂಬುದನ್ನು ಮಾತ್ರ ಅದು ದಾಖಲಿಸುತ್ತದೆ. ತನಿಖೆಗೆ ಬರುವವರಿಗೆ ಬೇಕಾಗಿರುವುದೂ ಅದೇ. 1981ರಲ್ಲಿ ಬೇಡ್ತಿ ಜಲವಿದ್ಯುತ್ ಯೋಜನೆಯ ಕುರಿತು ಶಿರಸಿಯಲ್ಲಿ ನಡೆದ ವಿಚಾರ ಸಂಕಿರಣದಲ್ಲಿ ರೈತರೂ ವಿಜ್ಞಾನಿಗಳೂ ಕೂಡಿ ಲಾಭನಷ್ಟದ ಲೆಕ್ಕವನ್ನು ಮುಂದಿಟ್ಟಿದ್ದನ್ನು ನಮ್ಮ ಹಿರಿಯರು ನೆನಪಿಸಿಕೊಳ್ಳಬಹುದು.

ಮನವಿಯ ಎರಡು ಪ್ರತಿ ಒಯ್ದು, ಒಂದನ್ನು ಟಪಾಲು ಶಾಖೆಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಬೇಕು. ಆಮೇಲೆಯೇ ಆಪ್ತ ಸಹಾಯಕರ ಮೇಜು. ಈ ಅನುಕ್ರಮಕ್ಕೆ ಒಂದು ಕಾರಣವಿದೆ. ಭೇಟಿ ಮತ್ತು ಕಡತ ಎರಡು ಬೇರೆ ಬೇರೆ ದಾರಿಗಳು. ಭೇಟಿಯ ದಾರಿ ಆಪ್ತ ಸಹಾಯಕರದು, ಕಡತದ ದಾರಿ ಶಾಖೆಯ ವಿಷಯ ನಿರ್ವಾಹಕರದು. ಭೇಟಿ ಸಿಕ್ಕಿತೆಂಬ ಸಂತೋಷದಲ್ಲಿ ಮನವಿಯನ್ನು ನೇರವಾಗಿ ಸಾಹೇಬರ ಕೈಗಿತ್ತು, ಛಾಯಾಚಿತ್ರ ತೆಗೆಸಿಕೊಂಡು ಬಂದವರ ಕಾಗದ ಸಂಜೆಯ ರಾಶಿಯಲ್ಲಿ ಸೇರಿಹೋದದ್ದನ್ನು ನಾನು ಬಲ್ಲೆ. ಸಂಖ್ಯೆಯಿಲ್ಲದ ಕಾಗದವನ್ನು ಮೂರು ವಾರದ ನಂತರ ಯಾರೂ ಹುಡುಕಿಕೊಡಲಾರರು.

ಭೇಟಿಗೆ ಎರಡು ದಿನ ಮೊದಲು ದೂರವಾಣಿಯಲ್ಲಿ ಕೇಳುವುದು ಉತ್ತಮ. ಆ ಮಾತು ಹೀಗಿದ್ದರೆ ಸಾಕು: "ನಮಸ್ಕಾರ್ರೀ ಸರ್. ನಾವು ಕಮಲಾಪುರದ ಬಾಳಿ ಬೆಳೆಗಾರರು, ಮೂರು ಮಂದಿ ಬರ್ತೀವಿ. ಗುಡ್ಡದ ಕಲ್ಲುಗಣಿ ಫೈಲಿನ ಬಗ್ಗೆ, ಬಾವಿ ನೋಡಿ ಆಮ್ಯಾಲೆ ಅಭಿಪ್ರಾಯ ಕೊಡ್ರಿ ಅಂತ ಕೇಳೂದದ. ಅರ್ಜಿ ಟಪಾಲಿಗೆ ಕೊಟ್ಟೀವಿ, ನಂಬರ್ ಬರ್ಕೊಳ್ರಿ. ಹತ್ತು ನಿಮಿಷ ಸಾಕು. ಯಾವ ದಿನ ಅನುಕೂಲ ಆಗ್ತದ ಹೇಳ್ರಿ." ಯಾರು, ಎಷ್ಟು ಜನ, ಏನನ್ನು ಕೋರಿ, ಎಷ್ಟು ಹೊತ್ತು, ಕಾಗದ ಎಲ್ಲಿದೆ, ಎಲ್ಲವೂ ಇದರಲ್ಲಿ ಬಂತು. ಇದನ್ನು ಕೇಳಿದ ಆಪ್ತ ಸಹಾಯಕರು ಶಾಖೆಯಿಂದ ಕಡತವನ್ನು ಮೊದಲೇ ತರಿಸಿಡಬಹುದು. ಕಡತ ಮುಂದಿರುವ ಹತ್ತು ನಿಮಿಷಕ್ಕೂ ಇಲ್ಲದ ಹತ್ತು ನಿಮಿಷಕ್ಕೂ ಅಜಗಜಾಂತರವಿದೆ. ಭೇಟಿಯ ದಿನ ಸಿಗದಿದ್ದರೆ, ಬೇರೆ ಯಾರನ್ನು ಕಂಡರೆ ಕೆಲಸವಾದೀತು ಎಂದು ಅವರನ್ನೇ ಕೇಳಬಹುದು. ಅನೇಕ ಸಲ ಅಪರ ಜಿಲ್ಲಾಧಿಕಾರಿಗಳ ಹೆಸರು ಹೇಳುತ್ತಾರೆ. ಅದನ್ನು ಸಾಗಹಾಕುವ ಮಾತೆಂದು ತಿಳಿಯಬೇಕಾಗಿಲ್ಲ. ಆ ಕಡತ ಆ ಹಂತದಲ್ಲಿ ಅಲ್ಲಿಯೇ ಇರುವ ಸಾಧ್ಯತೆ ಉಂಟು.

ವಿಷಯವನ್ನು ಹೇಳಲಾಗದ ಸಂದರ್ಭವೂ ಇರುತ್ತದೆಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಖಂಡಿತ ಇರುತ್ತದೆ. ಅದೇ ಕಚೇರಿಯ ನೌಕರರೊಬ್ಬರ ಮೇಲಿನ ದೂರಾಗಿದ್ದರೆ ಹೊರಗಿನ ಮೇಜಿನಲ್ಲಿ ಅದನ್ನು ಬಿಡಿಸಿಡಲಾಗದು. ಆಗಲೂ ಸುಳ್ಳು ಕಾರಣ ಹೇಳಬೇಕಾಗಿಲ್ಲ. "ಇದು ಸಿಬ್ಬಂದಿಗೆ ಸಂಬಂಧಿಸಿದ ಗೋಪ್ಯ ದೂರು, ಮುಚ್ಚಿದ ಲಕೋಟೆಯಲ್ಲಿದೆ, ಸಾಹೇಬರೇ ತೆರೆಯಬೇಕೆಂದು ಕೋರಿಕೆ" ಎಂದರೆ ಅದು ಪೂರ್ತಿ ನಿಜ. ಆಪ್ತ ಸಹಾಯಕರು ಅದನ್ನು ಹಾಗೆಯೇ ಒಳಗೆ ಹೇಳಬಲ್ಲರು.

ಉಪಾಯಗಳ ಮಾತಿಗೆ ಬರೋಣ. ನಮ್ಮ ಯುವ ಮಿತ್ರರಿಗೆ ಇವುಗಳ ಮೇಲೆ ಒಲವು ಹೆಚ್ಚು. "ಸಾಹೇಬರೇ ಬರಹೇಳಿದ್ದಾರೆ" ಎನ್ನುವುದು, ಶಾಸಕರ ಹೆಸರು ಹೇಳುವುದು, ತುರ್ತಿಲ್ಲದಿದ್ದರೂ ತುರ್ತು ಎನ್ನುವುದು, ಸಂಜೆ ಕಾರು ಹತ್ತುವಾಗ ಅಡ್ಡ ನಿಲ್ಲುವುದು. ಒಂದೊಂದು ಸಲ ಇವು ಫಲಿಸುತ್ತವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಫಲಿಸಿದ ಮೇಲೆ ಏನಾಗುತ್ತದೆ ಎಂಬುದನ್ನು ನೋಡಬೇಕು. "ನಾನು ಯಾವಾಗ ಬರಹೇಳಿದ್ದೆ?" ಎಂಬ ಪ್ರಶ್ನೆ ಒಳಗೆ ಹುಟ್ಟುತ್ತದೆ. ಬೈಸಿಕೊಳ್ಳುವವರು ನಿಮ್ಮನ್ನು ನಂಬಿ ಬಿಟ್ಟ ಆಪ್ತ ಸಹಾಯಕರು. ಗಣಿಯ ಕಡತ ಒಂದು ದಿನದಲ್ಲಿ ಮುಗಿಯುವಂಥದ್ದಲ್ಲ. ವರದಿ, ಮರುವರದಿ, ತನಿಖೆ ಎಂದು ವರ್ಷವಾದರೂ ಓಡಾಡುತ್ತದೆ. ಅಷ್ಟು ಕಾಲವೂ ನೀವು ಅದೇ ಮೇಜಿನ ಮುಂದೆ ನಿಲ್ಲಬೇಕು. ಒಂದು ಭೇಟಿಗಾಗಿ ವರ್ಷದ ವಿಶ್ವಾಸವನ್ನು ಖರ್ಚು ಮಾಡುವ ಲೆಕ್ಕ ನನಗಂತೂ ಅರ್ಥವಾಗದು. ಅದಕ್ಕಿಂತ ಮುಖ್ಯವಾಗಿ, ಸಂಬಳಕ್ಕಾಗಿ ದುಡಿಯುವ ಒಬ್ಬ ಮನುಷ್ಯನನ್ನು ನಮ್ಮ ಸುಳ್ಳಿನ ಹೊಣೆ ಹೊರುವಂತೆ ಮಾಡುವುದು ಅನ್ಯಾಯ.

ಕಮಲಾಪುರದಲ್ಲಿ ಇನ್ನೊಂದು ಸೂಕ್ಷ್ಮ ವಿಚಾರವಿದೆ. ಅಲ್ಲಿಯವರು ನೆಂಟರ ಮನೆಗೆ ಹೋಗುವಾಗ ಕೆಂಪು ಬಾಳೆಯ ಚಿಪ್ಪೊಂದನ್ನು ಒಯ್ಯುವುದು ಸಹಜ ಪ್ರೀತಿ. ಆ ಪ್ರೀತಿಯನ್ನು ಕಚೇರಿಯ ಮೇಜಿನ ಮೇಲೆ ಇಡಬಾರದು. ಕೆಲಸ ಬಾಕಿ ಇರುವವರಿಂದ ಪಡೆಯುವ ಕಾಣಿಕೆಯನ್ನು ನೌಕರರ ನಡತೆ ನಿಯಮಗಳು ಒಪ್ಪುವುದಿಲ್ಲ. ಹಣ್ಣು ಪಡೆದರೆ ಅವರಿಗೆ ಕಳಂಕ, ನಿರಾಕರಿಸಿದರೆ ನಿಮ್ಮ ಮುಖ ಭಂಗ. ಪ್ರಾಮಾಣಿಕರಾದ ಸಹಾಯಕರನ್ನು ಇಂಥ ಇಕ್ಕಟ್ಟಿಗೆ ಸಿಕ್ಕಿಸುವುದು ಗೌರವದ ಲಕ್ಷಣವಲ್ಲ. ಹಾಗೆ ನೋಡಿದರೆ ಗೌರವವೆಂಬುದು ತೀರ ಸಣ್ಣ ಸಂಗತಿಗಳಲ್ಲಿದೆ. ಒಳಗಿನವರನ್ನು "ಸರ್" ಎಂದೂ ಬಾಗಿಲಲ್ಲಿ ನಿಂತ ಹಿರಿಯ ದಫೇದಾರರನ್ನು "ಏನೋ" ಎಂದೂ ಕರೆಯುವವರನ್ನು ನೋಡಿದ್ದೇನೆ. "ರೀ" ಹಚ್ಚದೆ ಮಾತೇ ಆಡದ ಆ ಸೀಮೆಯಲ್ಲಿ ಇದು ಇನ್ನಷ್ಟು ಕರ್ಕಶವಾಗಿ ಕೇಳಿಸುತ್ತದೆ. (ನಮ್ಮ ಕಡೆಯ "ಮಾರಾಯ್ರೇ" ಕೂಡ ಅಲ್ಲಿ ಬೇಡ, ಅರ್ಥವಾಗದೆ ಗಾಬರಿಯಾದಾರು.)

ಭೇಟಿ ಮುಗಿದಾಗ ಜಿಲ್ಲಾಧಿಕಾರಿಗಳು ಮನವಿಯ ಮೇಲೆ ಏನು ಬರೆದರು ಎಂಬುದನ್ನು ಗಮನಿಸಿರಿ. "ನಿಯಮಾನುಸಾರ ಕ್ರಮ ಕೈಗೊಳ್ಳಿ" ಎಂದಿದ್ದರೆ ಯಾರೂ ಏನನ್ನೂ ಹೊಸದಾಗಿ ಮಾಡಬೇಕಾಗಿಲ್ಲ. "ಪರಿಶೀಲಿಸಿ ಮಂಡಿಸಿ" ಎಂದಿದ್ದರೆ ಕಡತ ಅವರ ಮುಂದೆ ಮರಳಿ ಬರಬೇಕು. "ಸ್ಥಳ ತನಿಖೆ ನಡೆಸಿ ಇಂಥ ದಿನಾಂಕದೊಳಗೆ ವರದಿ ಸಲ್ಲಿಸಿ" ಎಂದಿದ್ದರೆ ನಿಮ್ಮ ಕೆಲಸ ಅರ್ಧ ಆಯಿತು. ದಿನಾಂಕವಿಲ್ಲದಿದ್ದರೆ, ಎದ್ದು ಬರುವ ಮುನ್ನ, ಒಂದು ದಿನಾಂಕ ಸೂಚಿಸಬಹುದೇ ಎಂದು ವಿನಯದಿಂದ ಕೇಳಿದರೆ ತಪ್ಪೇನಿಲ್ಲ. ಹೊರಗೆ ಬಂದು ಆಪ್ತ ಸಹಾಯಕರಿಂದ ಕಾಗದ ಯಾವ ಶಾಖೆಗೆ ಹೋಗುತ್ತದೆ, ಅಲ್ಲಿಯ ವಿಷಯ ನಿರ್ವಾಹಕರು ಯಾರು ಎಂದು ತಿಳಿದುಕೊಳ್ಳಬೇಕು. ಇಲ್ಲಿಗೆ ಅವರ ಕೆಲಸ ಮುಗಿಯಿತು. ವಾರಕ್ಕೆರಡು ಸಲ ಅವರಿಗೇ ದೂರವಾಣಿ ಮಾಡಿ "ಏನಾಯ್ತು?" ಎನ್ನುವುದು ಅವರ ಕೈಯಲ್ಲಿಲ್ಲದ್ದನ್ನು ಕೇಳಿದಂತೆ.

ಹತ್ತು ದಿನ ಬಿಟ್ಟು ಶಾಖೆಯಲ್ಲಿ ವಿಚಾರಿಸಿದಾಗ "ಇನ್ನೂ ಬಂದಿಲ್ಲ" ಎಂದರೆ ಸ್ವೀಕೃತಿ ಸಂಖ್ಯೆ ತೋರಿಸಿ ಟಪಾಲಿನಲ್ಲಿ ಹುಡುಕಿಸಬಹುದು. ಮತ್ತೆ ಎರಡು ವಾರದ ನಂತರವೂ ಅದೇ ಮಾತು ಬಂದರೆ ಕಾಗದ ಎಲ್ಲೋ ನಿಂತಿದೆ ಎಂದೇ ಅರ್ಥ. ಆಗ ಬಾಯಿಮಾತನ್ನು ನಿಲ್ಲಿಸಿ, ಹಿಂದಿನ ಸಂಖ್ಯೆಯನ್ನು ಉಲ್ಲೇಖಿಸಿದ ನಾಲ್ಕು ಸಾಲಿನ ಜ್ಞಾಪನ ಪತ್ರ ಕೊಡಬೇಕು. ಅದಕ್ಕೂ ಉತ್ತರವಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮಗಳ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಉತ್ತರಕ್ಕೆ 30 ದಿನ. "ನಮ್ಮ ಇಂಥ ಸಂಖ್ಯೆಯ ಮನವಿಯ ಮೇಲೆ ಇದುವರೆಗೆ ಕೈಗೊಂಡ ಕ್ರಮದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ" ಎಂದು ಕೇಳಿದರೆ ಸಾಕು. ಈ ಕಾಯ್ದೆಯನ್ನು ಮೇಜಿನ ಮುಂದೆ ನಿಂತು ಬೆದರಿಕೆಯಾಗಿ ಉಚ್ಚರಿಸುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. "ಬಿಡದಿದ್ದರೆ ಆರ್‌ಟಿಐ ಹಾಕುತ್ತೇವೆ" ಎಂದೊಡನೆ ಎದುರಿನವರು ಬಾಯಿ ಮುಚ್ಚಿಕೊಳ್ಳುತ್ತಾರೆ. ಆಮೇಲೆ ನಿಮಗೆ ತಿಳಿಯಬಹುದಾಗಿದ್ದ ಸಣ್ಣಪುಟ್ಟ ಸಂಗತಿಗಳೂ ತಿಳಿಯುವುದಿಲ್ಲ. ಅರ್ಜಿ ಹಾಕಬೇಕೆನಿಸಿದರೆ ಹಾಕಿಬಿಡುವುದು, ಹಾಕಿದ ಮೇಲೆಯೂ ನಮಸ್ಕಾರ ಹೇಳುವುದನ್ನು ನಿಲ್ಲಿಸದಿರುವುದು.

ಇಷ್ಟೆಲ್ಲ ಹೇಳಿದ ಮೇಲೂ, ಕೆಲವು ಮೇಜುಗಳಲ್ಲಿ ಹಣ ಕೇಳುವವರು ಇದ್ದಾರೆ ಎಂಬುದನ್ನು ಮುಚ್ಚಿಡಲಾಗದು. ಅಂಥವರ ಮುಂದೆ ಸೌಜನ್ಯದ ಹೆಸರಿನಲ್ಲಿ ಜೇಬಿಗೆ ಕೈಹಾಕಬೇಕಾಗಿಲ್ಲ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆ ಲಂಚ ಕೊಡುವವರನ್ನೂ ಅಪರಾಧಿಗಳೆಂದು ಪರಿಗಣಿಸುತ್ತದೆ. ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ರಕ್ಷಣೆ. ಹಣ ಕೇಳಿದ ದಿನ, ಸಮಯ, ಆಡಿದ ಮಾತುಗಳನ್ನು ಅಂದೇ ಬರೆದಿಟ್ಟುಕೊಂಡು ಲೋಕಾಯುಕ್ತಕ್ಕೆ ಹೋಗಬೇಕು. ಆದರೆ ತಡವಾದದ್ದೆಲ್ಲ ಲಂಚಕ್ಕಾಗಿ ಎಂದು ಮೊದಲೇ ತೀರ್ಮಾನಿಸಿ ಹೊರಟರೆ, ಬರೀ ಕೆಲಸದ ಒತ್ತಡದಲ್ಲಿರುವ ಹತ್ತು ಜನರನ್ನು ಅವಮಾನಿಸಿದಂತಾಗುತ್ತದೆ.

ಹೀಗೆಲ್ಲ ನಡೆದುಕೊಂಡರೂ ಜಿಲ್ಲಾಧಿಕಾರಿಗಳು ಗಣಿಯ ಪರವಾಗಿಯೇ ಅಭಿಪ್ರಾಯ ಕೊಡಬಹುದು. ಆಗ ನಿಮ್ಮ ಮನವಿ, ಬಾವಿಯ ಅಳತೆ, ಸ್ವೀಕೃತಿ ಸಂಖ್ಯೆಗಳೆಲ್ಲ ಅದೇ ಕಡತದಲ್ಲಿರುತ್ತವೆ. ಬೆಂಗಳೂರಿನ ಪ್ರಾಧಿಕಾರದ ಮುಂದಾಗಲಿ ನ್ಯಾಯಮಂಡಳಿಯ ಮುಂದಾಗಲಿ "ಸ್ಥಳೀಯರಿಂದ ಯಾವುದೇ ಆಕ್ಷೇಪಣೆ ಸ್ವೀಕೃತವಾಗಿಲ್ಲ" ಎಂಬ ಸಾಲನ್ನು ಆ ಕಡತದ ಆಧಾರದಿಂದ ಯಾರೂ ಬರೆಯಲಾರರು. ಮುಂದಿನ ಅರ್ಜಿಯನ್ನು ಆ ಸಂಖ್ಯೆಗಳಿಂದಲೇ ಆರಂಭಿಸಬೇಕು. ಬಾವಿಯ ಅಳತೆಯನ್ನು ಮಾತ್ರ ಆ ನಡುವೆ ನಿಲ್ಲಿಸಬಾರದು. ಹದಿನೈದು ದಿನಕ್ಕೊಮ್ಮೆ, ಪಂಪು ಚಾಲೂ ಆಗುವ ಮುನ್ನ.